ಹೆತ್ತವರೊಂದಿಗೆ ದೂರ ಪ್ರಯಾಣ: ಮೊದಲು ಶೌಚಾಲಯ, ನಂತರ ಊಟ

ಹೊರಡುವ ದಿನ ಬೆಳಿಗ್ಗೆ ತಾಯಿ "ನನಗೆ ಚಹಾ ಬೇಡ" ಎಂದರೆ ಅದು ಹಸಿವಿನ ವಿಷಯವಲ್ಲ. ದಾರಿಯಲ್ಲಿ ಶೌಚಾಲಯ ಸಿಗದಿದ್ದರೆ ಎಂಬ ಭಯ. ಮಕ್ಕಳಿಗೆ ಹೇಳಲು ಸಂಕೋಚ. ನೀರು ಕುಡಿಯದೆ, ಮೂತ್ರ ತಡೆದು ಕುಳಿತರೆ ಮರುದಿನ ಉರಿಮೂತ್ರ, ತಲೆಸುತ್ತು ಕಾಣಿಸಿಕೊಳ್ಳಬಹುದು. ತಡೆಯುವುದು, ಹೊರಹಾಕುವುದು ಎರಡೂ ಹದದಲ್ಲಿರಬೇಕೆಂಬುದು ಯುನಾನಿಯ ಮೂಲ ನಿಯಮಗಳಲ್ಲೊಂದು.

ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿ.ಮೀ. ಕಳೆದ ವರ್ಷ ನನ್ನ ತಂದೆ ತಾಯಿಯನ್ನು ಕರೆದೊಯ್ದೆ. ತಂದೆಗೆ ಪ್ರಾಸ್ಟೇಟ್ ತೊಂದರೆ, ತಾಯಿಗೆ ಮಂಡಿ ನೋವು. ಚಾರ್ಮಾಡಿಯ ತಿರುವುಗಳು ತಾಯಿಗೆ ವಾಂತಿ ತರಿಸುತ್ತವೆ, ಹಾಗಾಗಿ ಶಿರಾಡಿ ಘಾಟಿ ಹಿಡಿದೆ. ಮಳೆಗಾಲದಲ್ಲಿ ಅಲ್ಲಿ ಗುಡ್ಡ ಕುಸಿಯುವುದುಂಟು. ಹಿಂದಿನ ರಾತ್ರಿಯೇ ವಿಚಾರಿಸಿಕೊಳ್ಳಿ.

ಬೆಳಿಗ್ಗೆ ಆರೂವರೆಗೆ ಹೊರಟು ಎಂಟರ ಸುಮಾರಿಗೆ ನೆಲ್ಯಾಡಿಯಲ್ಲಿ ನಿಲ್ಲಿಸಿದೆ. "ಬರುವುದಿಲ್ಲ" ಎಂದರೂ ಇಬ್ಬರನ್ನೂ ಇಳಿಸಿದೆ. ಮುಂದೆ ಘಾಟಿ ಹತ್ತುವಾಗ ಲಾರಿಗಳ ಸಾಲು ಸಿಕ್ಕಿಕೊಂಡರೆ ಸಕಲೇಶಪುರದ ತನಕ ಒಳ್ಳೆಯ ಶೌಚಾಲಯ ಸಿಗುವುದು ಕಷ್ಟ. ಆಮೇಲೆ ಸಕಲೇಶಪುರ, ಊಟಕ್ಕೆ ಚನ್ನರಾಯಪಟ್ಟಣ, ಕೊನೆಗೆ ಕುಣಿಗಲ್. ಒಂದೂವರೆ, ಹೆಚ್ಚೆಂದರೆ ಎರಡು ಗಂಟೆಗೊಮ್ಮೆ ನಿಲುಗಡೆ. ಹಾಸನ ಪೇಟೆಯೊಳಗೆ ನಂಟರ ಮನೆ ಇತ್ತು, ಹೋಗಲಿಲ್ಲ. ಅಲ್ಲಿ ಹೊಕ್ಕು ಹೊರಬರಲು ಒಂದು ಗಂಟೆ ಬೇಕು. ನಂಟರು ಮುನಿಸಿಕೊಂಡರು, ಇರಲಿ.

ನಿಲ್ಲಿಸುವ ಜಾಗ ನಿಮ್ಮ ಎಡಬದಿಯಲ್ಲಿರಲಿ. ಹೆದ್ದಾರಿ ದಾಟಿಸುವ ಗೊಡವೆ ಬೇಡ. ಮೊದಲು ನೀವೊಬ್ಬರೇ ಒಳಗೆ ಹೋಗಿ ನೋಡಿ: ಕಮೋಡ್ ಇದೆಯೇ, ನೀರು ಬರುತ್ತದೆಯೇ, ನೆಲ ಒದ್ದೆಯಿದೆಯೇ, ಮೆಟ್ಟಿಲೆಷ್ಟು? ನಮಾಝಿಗೆಂದು ಮಸೀದಿಯಲ್ಲಿ ನಿಲ್ಲಿಸುವವರು ಗಮನಿಸಿ, ಹಲವೆಡೆ ಕೂರುವ ಕಮೋಡ್ ಇರುವುದಿಲ್ಲ. ಮಂಡಿ ನೋವಿನವರಿಗೆ ಶೌಚಾಲಯ ಬೇರೆಡೆ ಮುಗಿಸಿಯೇ ಅಲ್ಲಿಗೆ ಬನ್ನಿ. ಬಹಳ ಹೊತ್ತು ಕುಳಿತವರು ತಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ಬೀಳಬಹುದು. ಕಾಲು ಹೊರಗಿಟ್ಟು ಒಂದು ನಿಮಿಷ ಸೀಟಿನಲ್ಲೇ ಕೂರಿಸಿ.

ನೀರನ್ನು ಗುಟುಕು ಗುಟುಕಾಗಿ ಕೊಡಿ. ಹೃದಯ, ಮೂತ್ರಪಿಂಡದ ರೋಗಿಗಳಿಗೆ ವೈದ್ಯರು ಹೇಳಿದ ಅಳತೆಯೇ ಇರಲಿ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ನೀವಾಗಿ ಬಿಡಿಸಬೇಡಿ. ಅಂದು ತಲುಪಿದ ಮೇಲೆ ಕೊಡಬಹುದೇ ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಿ.

ಒಂದು ತಪ್ಪು ನನ್ನಿಂದಲೇ ಆಗುವುದರಲ್ಲಿತ್ತು. ಘಾಟಿಯಲ್ಲಿ ತಂದೆಗೂ ಹೊಟ್ಟೆ ತೊಳಸಿದಾಗ ತಾಯಿಯ ವಾಂತಿ ಮಾತ್ರೆಯನ್ನು ಅವರ ಕೈಗೆ ಇಟ್ಟಿದ್ದೆ, ನೆನಪಾಗಿ ತಕ್ಷಣ ಹಿಂದೆ ಪಡೆದೆ. ಪ್ರಯಾಣದ ವಾಂತಿಗೆ, ಶೀತಕ್ಕೆ ಕೊಡುವ ಹಲವು ಮಾತ್ರೆಗಳು ಪ್ರಾಸ್ಟೇಟ್ ಊದಿದವರ ಮೂತ್ರವನ್ನು ಪೂರ್ತಿ ಕಟ್ಟಿಬಿಡಬಲ್ಲವು. ಮೂತ್ರಕ್ಕೆ ಅವಸರವಾಗಿಯೂ ಹನಿ ಬರದೆ, ಕಿಬ್ಬೊಟ್ಟೆ ಉಬ್ಬಿ ನೋಯುತ್ತಿದ್ದರೆ ಮುಂದಿನ ನಿಲುಗಡೆಗೆ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಕಾರು ತಿರುಗಿಸಿ. ಅಲ್ಲಿ ನಳಿಗೆ ಹಾಕಿ ಮೂತ್ರ ತೆಗೆಯುತ್ತಾರೆ.