ಬಿಳುಪಿನ ಚುಚ್ಚುಮದ್ದು: ರಕ್ತ ಸೇರಿದ್ದು ಚರ್ಮ ಸೇರುವುದೇ?

ಮದುವೆಯ ಮುಹೂರ್ತಕ್ಕೆ ಎರಡು ತಿಂಗಳು ಉಳಿದಿರುವಾಗ ವಧುವಿನ ಕೈ ಸೇರುವ ‘ಬ್ರೈಡಲ್ ಪ್ಯಾಕೇಜ್’ ಪಟ್ಟಿಯಲ್ಲಿ ಫೇಶಿಯಲ್, ಬ್ಲೀಚ್‌ಗಳ ಸಾಲಿಗೆ ಇನ್ನೊಂದು ಹೆಸರೂ ಸೇರಿಕೊಂಡಿದೆ. ಅದು ಗ್ಲುಟಾಥಯೋನ್ ಡ್ರಿಪ್. ಸಾಮಾನ್ಯವಾಗಿ 600ರಿಂದ 1200 ಮಿಲಿಗ್ರಾಂ ಬಿಳಿಯ ಪುಡಿಯನ್ನು ಶುದ್ಧ ನೀರಿನಲ್ಲಿ ಕರಗಿಸಿ, ಹಲವೆಡೆ ವಿಟಮಿನ್ ಸಿ ಜೊತೆ ಸೇರಿಸಿ, ವಾರಕ್ಕೊಮ್ಮೆ ಅಥವಾ ಎರಡು ಬಾರಿ ನೇರವಾಗಿ ರಕ್ತನಾಳಕ್ಕೆ ನೀಡಲಾಗುತ್ತದೆ. ಕೆಲವು ವಾರಗಳ ಬಳಿಕ ಮೈಬಣ್ಣ ತಿಳಿಯಾಗುತ್ತದೆ ಎಂಬುದು ಭರವಸೆ. ಅಡ್ಡ ಪರಿಣಾಮಗಳ ಬಗ್ಗೆ ಕೇಳಿದರೆ, ‘ಇದು ದೇಹವೇ ತಯಾರಿಸುವ ವಸ್ತು, ಭಯ ಬೇಡ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಆ ಉತ್ತರದ ಮೊದಲರ್ಧ ನಿಜ. ಗ್ಲುಟಾಥಯೋನ್ ಎಂಬುದು ಗ್ಲುಟಮಿಕ್ ಆಮ್ಲ, ಸಿಸ್ಟೀನ್ ಮತ್ತು ಗ್ಲೈಸಿನ್ ಎಂಬ ಮೂರು ಅಮೈನೋ ಆಮ್ಲಗಳು ಸೇರಿ ಆಗುವ ಸಣ್ಣ ಅಣು. ದೇಹದ ಬಹುತೇಕ ಎಲ್ಲ ಜೀವಕೋಶಗಳೂ ಅದನ್ನು ತಮ್ಮೊಳಗೇ ತಯಾರಿಸಿಕೊಳ್ಳುತ್ತವೆ. ಯಕೃತ್ತಿನಲ್ಲಂತೂ ಅದು ಯಥೇಚ್ಛವಾಗಿದ್ದು, ವಿಷಕಾರಿ ವಸ್ತುಗಳನ್ನು ಹೊರಹಾಕುವ ಕೆಲಸದಲ್ಲಿ ನೆರವಾಗುತ್ತದೆ. ಉತ್ತರದ ಎರಡನೆಯ ಅರ್ಧ ಮಾತ್ರ ಮೊದಲರ್ಧದಿಂದ ಹೊರಡುವುದಿಲ್ಲ. ಇನ್ಸುಲಿನ್ ಕೂಡ ದೇಹವೇ ತಯಾರಿಸುವ ವಸ್ತು. ಅಗತ್ಯವಿಲ್ಲದವರಿಗೆ ಅದನ್ನು ಚುಚ್ಚಿದರೆ ಏನಾದೀತು ಎಂಬುದು ಎಲ್ಲರಿಗೂ ಗೊತ್ತು.

ಬಣ್ಣಕ್ಕೂ ಇದಕ್ಕೂ ಏನು ಸಂಬಂಧ?

ಚರ್ಮದ ಬಣ್ಣಕ್ಕೆ ಕಾರಣವಾದ ಮೆಲನಿನ್‌ನಲ್ಲಿ ಎರಡು ಬಗೆ. ಕಂದು-ಕಪ್ಪು ಛಾಯೆಯದು ಒಂದು, ಹಳದಿ-ಕೆಂಪು ಛಾಯೆಯದು ಇನ್ನೊಂದು. ಎರಡರ ತಯಾರಿಕೆಗೂ ಟೈರೋಸಿನೇಸ್ ಎಂಬ ಕಿಣ್ವ ಬೇಕು. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಗ್ಲುಟಾಥಯೋನ್ ಈ ಕಿಣ್ವವನ್ನು ತಡೆಯುವುದೂ, ಮೆಲನಿನ್ ತಯಾರಿಕೆಯನ್ನು ತಿಳಿ ಛಾಯೆಯತ್ತ ತಿರುಗಿಸುವುದೂ ಕಂಡುಬಂದಿದೆ. ಚುಚ್ಚುಮದ್ದಿನ ಇಡೀ ವ್ಯಾಪಾರ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಆದರೆ ಗಾಜಿನ ತಟ್ಟೆಗೂ ಮನುಷ್ಯನ ತೋಳಿಗೂ ಬಹಳ ಅಂತರವಿದೆ. ಗ್ಲುಟಾಥಯೋನ್ ಕೆಲಸ ಮಾಡುವುದು ಜೀವಕೋಶದ ಒಳಗೆ. ಸೂಜಿಯ ಮೂಲಕ ಹೋಗುವ ಔಷಧ ಸೇರುವುದು ರಕ್ತವನ್ನು. ರಕ್ತದಲ್ಲಿರುವ ಗ್ಲುಟಾಥಯೋನನ್ನು ಹೆಚ್ಚಿನ ಜೀವಕೋಶಗಳು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೊರಪೊರೆಯ ಮೇಲಿರುವ ಕಿಣ್ವವೊಂದು ಮೊದಲು ಅದನ್ನು ತುಂಡರಿಸುತ್ತದೆ. ಆ ತುಂಡುಗಳಿಂದ ಜೀವಕೋಶ ತನಗೆ ಬೇಕಾದಷ್ಟನ್ನು ಮಾತ್ರ ಮತ್ತೆ ಕಟ್ಟಿಕೊಳ್ಳುತ್ತದೆ. ಹೀಗೆ ತುಂಡರಿಸುವ ಕೆಲಸ ಬಹಳಷ್ಟು ನಡೆಯುವುದು ಮೂತ್ರಪಿಂಡಗಳಲ್ಲಿ. ಚುಚ್ಚುಮದ್ದಿನ ನಂತರ ರಕ್ತದಲ್ಲಿ ಏರಿದ ಪ್ರಮಾಣ ನಿಮಿಷಗಳ ಲೆಕ್ಕದಲ್ಲಿ ಇಳಿದುಹೋಗುತ್ತದೆ. ‘ನೂರಕ್ಕೆ ನೂರು ಭಾಗ ರಕ್ತಕ್ಕೆ ಸೇರುತ್ತದೆ’ ಎಂಬ ಜಾಹೀರಾತಿನ ಮಾತು ಸುಳ್ಳಲ್ಲ. ಎಷ್ಟು ಹೊತ್ತು ಉಳಿಯುತ್ತದೆ, ಅದರಲ್ಲಿ ಎಷ್ಟು ಚರ್ಮದ ಬಣ್ಣದ ಕೋಶಗಳನ್ನು ಮುಟ್ಟುತ್ತದೆ ಎಂಬುದನ್ನು ಆ ಜಾಹೀರಾತು ಹೇಳುವುದಿಲ್ಲ, ಅಷ್ಟೆ.

ಪಾಕಿಸ್ತಾನದ ಪ್ರಯೋಗ ಹೇಳಿದ್ದು

ವಾದ ಏನೇ ಇರಲಿ, ಕೊನೆಗೆ ಮಾತನಾಡಬೇಕಾದದ್ದು ಮನುಷ್ಯರ ಮೇಲಿನ ಪ್ರಯೋಗ. ಇಷ್ಟು ದೇಶಗಳಲ್ಲಿ ಇಷ್ಟು ಕಾಲದಿಂದ ಮಾರಾಟವಾಗುತ್ತಿರುವ ಈ ಚುಚ್ಚುಮದ್ದಿನ ಬಗ್ಗೆ, ಔಷಧರಹಿತ ಚುಚ್ಚುಮದ್ದಿನೊಂದಿಗೆ ಹೋಲಿಸಿ ನೋಡಿದ ಅಧ್ಯಯನಗಳನ್ನು ಹುಡುಕಿದರೆ ಕೈಗೆ ಸಿಗುವುದು ತೀರಾ ವಿರಳ. ಅವುಗಳಲ್ಲಿ ಹೆಚ್ಚಾಗಿ ಚರ್ಚೆಗೆ ಬರುವುದು ಪಾಕಿಸ್ತಾನದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ. ಮೈಬಣ್ಣದಲ್ಲಿ ನಮ್ಮವರನ್ನೇ ಹೋಲುವ ಜನರ ಮೇಲೆ ನಡೆದದ್ದರಿಂದ ಅದು ಇಲ್ಲಿಗೂ ಪ್ರಸ್ತುತ.

ತಲಾ 25 ಮಹಿಳೆಯರ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ 1200 ಮಿಲಿಗ್ರಾಂ ಗ್ಲುಟಾಥಯೋನನ್ನು ವಾರಕ್ಕೆ ಎರಡು ಬಾರಿಯಂತೆ ಆರು ವಾರ ನೀಡಲಾಯಿತು. ಇನ್ನೊಂದು ಗುಂಪಿಗೆ ಔಷಧವಿಲ್ಲದ ಚುಚ್ಚುಮದ್ದು. ಚಿಕಿತ್ಸೆ ಮುಗಿದಾಗ ಔಷಧ ಪಡೆದವರಲ್ಲಿ ಶೇ 37.5ರಷ್ಟು ಮಂದಿಯ ಬಣ್ಣ ತಿಳಿಯಾಗಿತ್ತು. ಔಷಧವನ್ನೇ ಪಡೆಯದವರ ಪೈಕಿ ಶೇ 18.7 ಮಂದಿಯಲ್ಲೂ ಇದೇ ಸುಧಾರಣೆ ಕಂಡಿತು. ಅಂದರೆ ‘ಫಲ’ ಕಂಡವರ ಪಾಲಿನಲ್ಲಿ ಅರ್ಧದಷ್ಟು, ಏನನ್ನೂ ನೀಡದೆಯೂ ಕಾಣಬಹುದಾದದ್ದು. ಬಿಸಿಲಿಗೆ ಹೋಗುವುದು ಕಡಿಮೆಯಾದರೆ, ಋತು ಬದಲಾದರೆ, ನೋಡುವ ಕೋಣೆಯ ಬೆಳಕು ಬೇರೆಯಾದರೆ ಚರ್ಮ ಬೇರೆಯಾಗಿ ಕಾಣುವುದು ಸಹಜವೇ. ಕ್ಲಿನಿಕ್‌ಗಳು ತೋರಿಸುವ ‘ಮೊದಲು-ನಂತರ’ ಛಾಯಾಚಿತ್ರಗಳಲ್ಲಿ ಈ ಹೋಲಿಕೆಯ ಗುಂಪು ಇರುವುದಿಲ್ಲ ಎಂಬುದು ಗಮನಾರ್ಹ.

ಕಂಡ ಅಷ್ಟಿಷ್ಟು ವ್ಯತ್ಯಾಸವೂ ಆರು ತಿಂಗಳ ಹೊತ್ತಿಗೆ ಬಹುತೇಕ ಕರಗಿಹೋಗಿತ್ತು. ಇದರಲ್ಲಿ ಆಶ್ಚರ್ಯವಿಲ್ಲ. ಚರ್ಮ ತನ್ನನ್ನು ತಾನು ನವೀಕರಿಸಿಕೊಳ್ಳುತ್ತಲೇ ಇರುತ್ತದೆ. ಬಿಸಿಲು ಬಿದ್ದಂತೆ ಮೆಲನಿನ್ ಮರಳಿ ತಯಾರಾಗುತ್ತದೆ. ‘ಮೇಂಟೆನೆನ್ಸ್ ಡೋಸ್’ ಎಂಬ ಹೆಸರಿನಲ್ಲಿ ಗಿರಾಕಿಯನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಮತ್ತೆ ಕರೆಸಿಕೊಳ್ಳುವ ಪದ್ಧತಿ ಹುಟ್ಟಿದ್ದು ಇಲ್ಲಿಂದಲೇ. ಅಷ್ಟು ದೀರ್ಘ ಕಾಲ ಪಡೆದರೆ ಏನಾಗುತ್ತದೆ ಎಂಬುದನ್ನು ಅಳೆದು ನೋಡಿದ ಪ್ರಯೋಗ ಮಾತ್ರ ನಡೆದಿಲ್ಲ.

ಲಾಭದ ಲೆಕ್ಕಕ್ಕಿಂತ ಹಾನಿಯ ಲೆಕ್ಕವೇ ಆ ಅಧ್ಯಯನದ ಮುಖ್ಯ ಭಾಗ. ಔಷಧ ಪಡೆದ 25 ಮಂದಿಯಲ್ಲಿ ಎಂಟು ಮಹಿಳೆಯರ ಯಕೃತ್ತಿನ ಕಾರ್ಯ ಏರುಪೇರಾಯಿತು. ಒಬ್ಬರು ತೀವ್ರ ಅಲರ್ಜಿಯ ಆಘಾತಕ್ಕೆ ಒಳಗಾದರು. ಯಕೃತ್ತನ್ನು ಕಾಯುವ ವಸ್ತು ಎಂದೇ ಹೆಸರಾದ ಔಷಧದಿಂದ ಮೂವರಲ್ಲಿ ಒಬ್ಬರಷ್ಟು ಮಂದಿಗೆ ಯಕೃತ್ತಿನ ತೊಂದರೆ! ಅಧ್ಯಯನ ಚಿಕ್ಕದು, ಆದ್ದರಿಂದ ಎಲ್ಲೆಡೆ ಇದೇ ಪ್ರಮಾಣ ಎನ್ನಲಾಗದು. ಆದರೆ ಚುಚ್ಚುಮದ್ದು ಮಾರುವವರು ತಮ್ಮ ಪರವಾಗಿ ಮುಂದಿಡಲು ಇದಕ್ಕಿಂತ ದೊಡ್ಡ, ಇದಕ್ಕಿಂತ ಉತ್ತಮ ಪ್ರಯೋಗ ಅವರ ಬಳಿಯೂ ಇಲ್ಲ.

ಶುದ್ಧತೆಯ ಪ್ರಶ್ನೆ

ಇನ್ನೊಂದು ಅಪಾಯ ಔಷಧದ್ದಲ್ಲ, ಸೀಸೆಯದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2019ರಲ್ಲಿ ಬಹಿರಂಗಪಡಿಸಿದ ಪ್ರಕರಣ ಇದಕ್ಕೆ ನಿದರ್ಶನ. ಆಹಾರ ಪೂರಕವಾಗಿ ಬಳಸಲೆಂದು ಮಾರಾಟವಾದ ಗ್ಲುಟಾಥಯೋನ್ ಪುಡಿಯಿಂದಲೇ ಅಲ್ಲಿ ಚುಚ್ಚುಮದ್ದು ತಯಾರಿಸಲಾಗಿತ್ತು. ಅದನ್ನು ಪಡೆದ ಏಳು ರೋಗಿಗಳಲ್ಲಿ ವಾಕರಿಕೆ, ವಾಂತಿ, ಚಳಿನಡುಕ, ಮೈಕೈ ನೋವು, ರಕ್ತದೊತ್ತಡ ಕುಸಿತ, ಉಸಿರಾಟದ ತೊಂದರೆ ಮುಂತಾದವು ಕಾಣಿಸಿಕೊಂಡವು. ಪರೀಕ್ಷಿಸಿದಾಗ ಪುಡಿಯಲ್ಲಿ ಎಂಡೋಟಾಕ್ಸಿನ್ ಮಿತಿಮೀರಿ ಇದ್ದುದು ಪತ್ತೆಯಾಯಿತು.

ಎಂಡೋಟಾಕ್ಸಿನ್ ಎಂದರೆ ಕೆಲವು ಬಗೆಯ ಬ್ಯಾಕ್ಟೀರಿಯಾಗಳ ಹೊರಕವಚದ ಚೂರುಗಳು. ಬ್ಯಾಕ್ಟೀರಿಯಾ ಸತ್ತರೂ ಚೂರುಗಳು ಉಳಿಯುತ್ತವೆ. ಸಾಮಾನ್ಯ ಕುದಿಸುವಿಕೆಗೆ ಅವು ನಾಶವಾಗುವುದಿಲ್ಲ. ಹೊಟ್ಟೆಗೆ ಹೋದರೆ ಹೆಚ್ಚೇನೂ ಆಗದ ಪ್ರಮಾಣ, ರಕ್ತಕ್ಕೆ ಹೋದಾಗ ಜ್ವರ, ನಡುಕ, ಆಘಾತವನ್ನು ತರಬಲ್ಲದು. ತಿನ್ನುವ ಪುಡಿಗೂ ಚುಚ್ಚುವ ಪುಡಿಗೂ ಇರುವ ವ್ಯತ್ಯಾಸ ಇದೇ. ಅದು ಬಣ್ಣದಲ್ಲಾಗಲಿ ವಾಸನೆಯಲ್ಲಾಗಲಿ ಗೊತ್ತಾಗುವಂಥದ್ದಲ್ಲ. ಅಂತರ್ಜಾಲದಲ್ಲಿ ತರಿಸಿ, ಬ್ಯೂಟಿ ಪಾರ್ಲರ್‌ನಲ್ಲೋ ಮನೆಯಲ್ಲೋ ಚುಚ್ಚಿಸಿಕೊಳ್ಳುವ ಸೀಸೆಯ ಮೇಲೆ ಏನೇ ಮುದ್ರಿತವಾಗಿದ್ದರೂ, ಕೊಂಡವರಿಗೆ ಅದನ್ನು ಪರೀಕ್ಷಿಸುವ ದಾರಿಯಿಲ್ಲ.

ಬಿಳುಪಿನ ಚುಚ್ಚುಮದ್ದು ವ್ಯಾಪಕವಾಗಿ ಬಳಕೆಯಾದ ಫಿಲಿಪ್ಪೀನ್ಸ್‌ನ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಎಚ್ಚರಿಕೆ ನೀಡಿತ್ತು. ಆ ದೇಶದಲ್ಲಿ ಈ ಚುಚ್ಚುಮದ್ದಿಗೆ ಅನುಮೋದನೆ ಇದ್ದುದು ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧದ ಜೊತೆಗಿನ ಪೂರಕವಾಗಿ ಮಾತ್ರ. ಚರ್ಮ ಗುಳ್ಳೆಯೆದ್ದು ಸುಲಿದುಹೋಗುವ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್, ಥೈರಾಯ್ಡ್ ಏರುಪೇರು, ಮೂತ್ರಪಿಂಡದ ತೊಂದರೆ, ತೀವ್ರ ಹೊಟ್ಟೆನೋವುಗಳನ್ನು ಅದು ಹೆಸರಿಸಿತ್ತು. ಅರಿಯದ ಕೈಗಳು ಚುಚ್ಚಿದರೆ ರಕ್ತನಾಳಕ್ಕೆ ಗಾಳಿ ಹೊಕ್ಕು ಪ್ರಾಣವೇ ಹೋಗಬಹುದು ಎಂದೂ ಎಚ್ಚರಿಸಿತ್ತು. ಅಮೆರಿಕದ ಸಂಸ್ಥೆ 2015ರಲ್ಲಿ, ಬಿಳುಪಿಗಾಗಿ ಯಾವ ಚುಚ್ಚುಮದ್ದಿಗೂ ತಾನು ಅನುಮೋದನೆ ನೀಡಿಲ್ಲ ಎಂದು ಸ್ಪಷ್ಟಪಡಿಸಿತು.

ಭಾರತದಲ್ಲಿ ಈ ಹೆಸರು ಮನೆಮಾತಾದದ್ದು 2025ರ ಜೂನ್‌ನಲ್ಲಿ ನಟಿ ಶೆಫಾಲಿ ಜರಿವಾಲಾ ಮುಂಬೈಯಲ್ಲಿ ನಿಧನರಾದ ಬಳಿಕ. ಅವರು ಗ್ಲುಟಾಥಯೋನ್ ಮತ್ತು ವಿಟಮಿನ್ ಸಿ ಬಳಸುತ್ತಿದ್ದರು ಎಂದು ಆಗ ವರದಿಯಾಗಿತ್ತು. ಸಾವಿಗೆ ಅದೇ ಕಾರಣ ಎಂದು ಹೇಳಲು ಆ ವರದಿಗಳು ಸಾಲವು. ಹೆಸರಾಂತರ ಸಾವಿನ ಸುತ್ತ ಹಬ್ಬುವ ಊಹೆಗಳಿಗಿಂತ ಮೇಲಿನ 25 ಅನಾಮಿಕ ಮಹಿಳೆಯರ ರಕ್ತಪರೀಕ್ಷೆಯ ವರದಿಗಳೇ ಹೆಚ್ಚು ನಂಬಲರ್ಹ.

ಡ್ರಿಪ್‌ನಲ್ಲಿ ಬೆರೆಸುವ ವಿಟಮಿನ್ ಸಿ ಕೂಡ ನಿರಪಾಯಕಾರಿಯಲ್ಲ. ಭಾರೀ ಪ್ರಮಾಣದಲ್ಲಿ ರಕ್ತಕ್ಕೆ ಸೇರಿದರೆ ಅದು ಆಕ್ಸಲೇಟ್ ಆಗಿ ಮೂತ್ರಪಿಂಡದಲ್ಲಿ ಹರಳುಗಟ್ಟಬಹುದು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಕೆಂಪು ರಕ್ತಕಣಗಳು ಒಡೆಯುತ್ತವೆ. ಈ ಕೊರತೆ ಹುಟ್ಟಿನಿಂದಲೇ ಇದ್ದರೂ ಹಲವರಿಗೆ ತಮ್ಮಲ್ಲಿ ಅದಿರುವುದೇ ತಿಳಿದಿರುವುದಿಲ್ಲ.

ಗುಳಿಗೆಯಾದರೆ?

ಗುಳಿಗೆಯ ಅಪಾಯ ಕಡಿಮೆ, ಫಲವೂ ಕಡಿಮೆ. ನುಂಗಿದ ಗ್ಲುಟಾಥಯೋನ್‌ನ ಬಹುಭಾಗ ಕರುಳಿನಲ್ಲೇ ತುಂಡಾಗುತ್ತದೆ. ಥಾಯ್ಲೆಂಡ್‌ನಲ್ಲಿ 60 ವೈದ್ಯಕೀಯ ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗವನ್ನು ಗುಳಿಗೆ ಮಾರುವವರು ಪದೇ ಪದೇ ಉಲ್ಲೇಖಿಸುತ್ತಾರೆ. ಔಷಧದ ಗುಂಪಿಗೆ ದಿನಕ್ಕೆ 500 ಮಿಲಿಗ್ರಾಂನಂತೆ ನಾಲ್ಕು ವಾರ ನೀಡಿ, ದೇಹದ ಆರು ಕಡೆ ಮೆಲನಿನ್ ಪ್ರಮಾಣವನ್ನು ಉಪಕರಣದಿಂದ ಅಳೆಯಲಾಗಿತ್ತು. ಔಷಧರಹಿತ ಗುಳಿಗೆಗಿಂತ ಖಚಿತವಾದ ವ್ಯತ್ಯಾಸ ಕಂಡದ್ದು ಎರಡೇ ಕಡೆ: ಮುಖದ ಬಲಭಾಗ ಮತ್ತು ಎಡ ಮುಂದೋಳು. ರಕ್ತದ ಮೂಲಕ ಇಡೀ ಮೈಗೆ ಹರಡುವ ವಸ್ತು ಮುಖದ ಬಲಗಡೆಗೆ ತಾಗಿ ಎಡಗಡೆಗೆ ತಾಗದಿರಲು ಕಾರಣವೇನು ಎಂಬ ಪ್ರಶ್ನೆಯನ್ನು ಗುಳಿಗೆಯ ಡಬ್ಬಿ ಎತ್ತುವುದಿಲ್ಲ. ಉಪಕರಣ ಗುರುತಿಸಿದ ಇಳಿಕೆಯನ್ನು ಕನ್ನಡಿಯೂ ಗುರುತಿಸುತ್ತದೆ ಎಂದೇನೂ ಇಲ್ಲ.

ಈಗಾಗಲೇ ಪಡೆದಿದ್ದರೆ

ಚುಚ್ಚುಮದ್ದು ಪಡೆದ ಕೆಲವೇ ನಿಮಿಷಗಳಲ್ಲಿ ಮೈತುಂಬ ತುರಿಕೆ, ತುಟಿ-ಗಂಟಲು ಊತ, ಉಸಿರುಗಟ್ಟುವಿಕೆ, ತಲೆ ತಿರುಗುವಿಕೆ ಕಂಡರೆ ಅದು ಅಲರ್ಜಿಯ ಆಘಾತವಿರಬಹುದು. ಅಡ್ರಿನಾಲಿನ್ ಚುಚ್ಚುಮದ್ದು ಮತ್ತು ಆಮ್ಲಜನಕ ಇಲ್ಲದ ಕಡೆ ಡ್ರಿಪ್ ಹಾಕುವುದು ಎಷ್ಟು ಅಪಾಯಕಾರಿ ಎಂಬುದು ಗೊತ್ತಾಗುವುದು ಆ ಕ್ಷಣದಲ್ಲೇ. ಗಂಟೆಗಳೊಳಗೆ ಚಳಿನಡುಕದ ಜ್ವರ ಬಂದರೆ ಕಲುಷಿತ ಔಷಧದ ಶಂಕೆ ಇರಬೇಕು. ಖಾಲಿ ಸೀಸೆಯನ್ನು ಎಸೆಯದೆ ಆಸ್ಪತ್ರೆಗೆ ಒಯ್ಯುವುದು ಒಳಿತು. ದಿನಗಳು ಅಥವಾ ವಾರಗಳ ಬಳಿಕ ಜ್ವರದೊಂದಿಗೆ ಬಾಯಲ್ಲಿ ಹುಣ್ಣು, ಕಣ್ಣು ಕೆಂಪು, ಚರ್ಮದಲ್ಲಿ ನೋವಿನ ಗುಳ್ಳೆಗಳು ಕಾಣಿಸಿಕೊಂಡರೆ ಅದೇ ದಿನ ದೊಡ್ಡ ಆಸ್ಪತ್ರೆ ಸೇರಬೇಕು. ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು ಯಕೃತ್ತಿನ ಅಥವಾ ರಕ್ತಕಣಗಳ ತೊಂದರೆಯ ಸೂಚನೆ. ಲಕ್ಷಣಗಳಿಲ್ಲದಿದ್ದರೂ ಹಲವು ಡೋಸ್ ಪಡೆದವರು ಯಕೃತ್ತು, ಮೂತ್ರಪಿಂಡ ಮತ್ತು ಥೈರಾಯ್ಡ್‌ನ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ. ಬೇರೆ ಯಾವುದೇ ಕಾಯಿಲೆಗೆ ವೈದ್ಯರ ಬಳಿ ಹೋದಾಗಲೂ ಈ ಚುಚ್ಚುಮದ್ದಿನ ವಿಷಯ ಮುಚ್ಚಿಡಬಾರದು. ಸಂಕೋಚದಿಂದ ಹೇಳದೆ ಉಳಿದರೆ ಯಕೃತ್ತಿನ ತೊಂದರೆಗೆ ವೈದ್ಯರು ಕಾಮಾಲೆಯ ವೈರಾಣುಗಳಲ್ಲೇ ಕಾರಣ ಹುಡುಕುತ್ತ ಕೂರಬೇಕಾದೀತು.

ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಹೊಂದಿರಬೇಕು. ರಕ್ತನಾಳಕ್ಕೆ ಔಷಧ ಹಾಕುವ ಸ್ಥಳ ಹೊರನೋಟಕ್ಕೆ ಪಾರ್ಲರ್‌ನಂತಿರಲಿ, ಆಸ್ಪತ್ರೆಯಂತಿರಲಿ, ಆ ನೋಂದಣಿ ಪತ್ರವನ್ನೂ ವೈದ್ಯರ ಹೆಸರನ್ನೂ ಸೀಸೆಯ ಬ್ಯಾಚ್ ಸಂಖ್ಯೆಯನ್ನೂ ತೋರಿಸುವಂತೆ ಕೇಳಲು ಯಾರೂ ಹಿಂಜರಿಯಬೇಕಿಲ್ಲ. ನೋಂದಣಿ ಇದೆ ಎಂದಮಾತ್ರಕ್ಕೆ ಈ ಚಿಕಿತ್ಸೆಗೆ ಪುರಾವೆ ಇದೆ ಎಂದಾಗುವುದಿಲ್ಲ. ಅನಾಹುತವಾದಾಗ ಹೊಣೆ ಯಾರದು ಎಂಬುದಾದರೂ ಅದರಿಂದ ಗೊತ್ತಾಗುತ್ತದೆ.