ಯಾವ ಅಸಲಿಗೆ, ಎಷ್ಟು ದಿನಕ್ಕೆ?

‘ವರ್ಷಕ್ಕೆ ಶೇಕಡಾ 12 ಬಡ್ಡಿ’ ಎಂದರೆ ನೂರು ರೂಪಾಯಿ ಅಸಲು ಒಂದು ವರ್ಷ ಪೂರ್ತಿ ನಿಮ್ಮ ಕೈಯಲ್ಲಿದ್ದರೆ ಹನ್ನೆರಡು ರೂಪಾಯಿ ಕೊಡಬೇಕು ಎಂದರ್ಥ. ಇದರಲ್ಲಿ ಗೋಜಲೇನೂ ಇಲ್ಲ. ಆದರೆ ಸಾಲ ತಂದವರು ಅದನ್ನು ಸರಿಯಾಗಿ ಒಂದು ವರ್ಷಕ್ಕೆ ತೀರಿಸುವುದು ಅಪರೂಪ. ಬೆಳೆ ಮಾರಿದಾಗ ಒಂದಿಷ್ಟು ಕಟ್ಟುತ್ತಾರೆ, ಉಳಿದದ್ದನ್ನು ಇನ್ಯಾವಾಗಲೋ ತೀರಿಸುತ್ತಾರೆ. ಲೆಕ್ಕ ತಪ್ಪುವುದು ಅಂಥ ಕಡೆಯೇ.

ಒಬ್ಬ ರೈತ ಜೂನ್ 10ರಂದು ಒಡವೆ ಅಡವಿಟ್ಟು 73,000 ರೂಪಾಯಿ ಸಾಲ ತೆಗೆದ ಎನ್ನೋಣ. ಬಡ್ಡಿ ವರ್ಷಕ್ಕೆ ಶೇಕಡಾ 12, ಸರಳ ಬಡ್ಡಿ. (ಭಾಗಾಕಾರ ಸಲೀಸಾಗಲಿ ಎಂದೇ ಈ ಮೊತ್ತ ಆರಿಸಿಕೊಂಡಿದ್ದೇನೆ.) ಮೊದಲು ಒಂದು ವರ್ಷದ ಬಡ್ಡಿ ತೆಗೆಯೋಣ. 73,000ವನ್ನು 12ರಿಂದ ಗುಣಿಸಿ ನೂರರಿಂದ ಭಾಗಿಸಿದರೆ 8,760. ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ 24 ರೂಪಾಯಿ. ಈ ದಿನದ ಬಡ್ಡಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಲೆಕ್ಕವೆಲ್ಲ ದಿನ ಎಣಿಸುವುದಷ್ಟೇ.

ಅಕ್ಟೋಬರ್ 8ರಂದು ಆತ ಹಣ ಕಟ್ಟಲು ಹೋಗುತ್ತಾನೆ. ಸಾಲ ತೆಗೆದ ದಿನವನ್ನು ಬಿಟ್ಟು ಎಣಿಸಿದರೆ ಜೂನಿನಲ್ಲಿ 20 ದಿನ, ಜುಲೈ 31, ಆಗಸ್ಟ್ 31, ಸೆಪ್ಟೆಂಬರ್ 30, ಅಕ್ಟೋಬರಿನಲ್ಲಿ 8. ಒಟ್ಟು 120 ದಿನ. ದಿನಕ್ಕೆ 24ರಂತೆ ಬಡ್ಡಿ 2,880 ರೂಪಾಯಿ. ‘ನಾಲ್ಕು ತಿಂಗಳಾಯಿತಲ್ಲ’ ಎಂದು ತಿಂಗಳ ಲೆಕ್ಕ ಹಿಡಿದರೆ 2,920 ಆಗುತ್ತದೆ. ನಲವತ್ತು ರೂಪಾಯಿ ದೊಡ್ಡದಲ್ಲ ನಿಜ. ಆದರೆ ಐದನೇ ತಿಂಗಳು ಶುರುವಾಗಿ ಎರಡು ದಿನವಾದರೂ ಪೂರ್ತಿ ತಿಂಗಳ ಬಡ್ಡಿ ಕೇಳುವವರಿದ್ದಾರೆ. ಆಗ ಆ ಎರಡು ದಿನಕ್ಕೇ 730 ರೂಪಾಯಿ ಬೀಳುತ್ತದೆ. ಹಾಗಾಗಿ ದಿನದ ಲೆಕ್ಕವೋ ತಿಂಗಳ ಲೆಕ್ಕವೋ ಎಂಬುದನ್ನು ಸಾಲ ತೆಗೆಯುವಾಗಲೇ ಕೇಳಿಕೊಳ್ಳಬೇಕು.

ಆ ದಿನ ಆತ 39,380 ರೂಪಾಯಿ ಕಟ್ಟಿದ. ಕಟ್ಟಿದ ಹಣ ಸಾಮಾನ್ಯವಾಗಿ ಮೊದಲು ಬಡ್ಡಿಗೆ ಹೋಗುತ್ತದೆ, ಮಿಕ್ಕಿದ್ದು ಅಸಲಿಗೆ. ಇಲ್ಲಿ 2,880 ಬಡ್ಡಿಗೆ ಹೋಗಿ 36,500 ಅಸಲಿಗೆ ಜಮೆಯಾಯಿತು. ಅಸಲು ಸರಿಯಾಗಿ ಅರ್ಧಕ್ಕಿಳಿಯಿತು, ಮರುದಿನದಿಂದ ದಿನದ ಬಡ್ಡಿಯೂ 12 ರೂಪಾಯಿಗೆ ಇಳಿಯಬೇಕು. ಜನವರಿ 6ರಂದು, ಅಂದರೆ ಮತ್ತೆ 90 ದಿನಕ್ಕೆ, ಸಾಲ ತೀರಿಸಿದಾಗ ಕೊಡಬೇಕಾದ ಬಡ್ಡಿ 1,080. ಎರಡೂ ಕಂತು ಸೇರಿ 3,960 ರೂಪಾಯಿ.

ಕಟ್ಟಿದ ಹಣವನ್ನು ಗಮನಿಸದೆ 73,000ಕ್ಕೇ 210 ದಿನ ಬಡ್ಡಿ ಹಾಕಿದರೆ? 5,040 ಆಗುತ್ತದೆ. ದರ ಅದೇ ಹನ್ನೆರಡು, ಆದರೆ ತನ್ನ ಬಳಿ ಇಲ್ಲದ ದುಡ್ಡಿಗೆ ಆತ 1,080 ಹೆಚ್ಚು ಬಡ್ಡಿ ಕೊಟ್ಟಂತಾಯಿತು. ಅದಕ್ಕೇ ರಸೀದಿಯಲ್ಲಿ ಬಡ್ಡಿಗೆಷ್ಟು, ಅಸಲಿಗೆಷ್ಟು, ಬಾಕಿ ಅಸಲು ಎಷ್ಟು ಎಂದು ಬೇರೆ ಬೇರೆ ಬರೆಸಿಕೊಳ್ಳುವುದು. ಬರೀ ‘39,380 ಸಂದಿದೆ’ ಎಂದಿದ್ದರೆ ಮುಂದಿನ ಬಡ್ಡಿ ಯಾವ ಮೊತ್ತಕ್ಕೆ ಎಂಬುದು ತಿಳಿಯುವುದೇ ಇಲ್ಲ.

ಆತ ಅಕ್ಟೋಬರಿನಲ್ಲಿ ಏನೂ ಕಟ್ಟದೆ, ಆ 2,880 ಅಸಲಿಗೆ ಸೇರಿ ಬಡ್ಡಿಗೂ ಬಡ್ಡಿ ಶುರುವಾದರೆ ಅದು ಚಕ್ರಬಡ್ಡಿ. ಆಗ ಈ ಲೆಕ್ಕ ನಡೆಯುವುದಿಲ್ಲ.

ಕೈಸಾಲದಲ್ಲಿ ದರವನ್ನು ವರ್ಷಕ್ಕೆ ಹೇಳುವುದಿಲ್ಲ. ‘ನೂರಕ್ಕೆ ಎರಡು ರೂಪಾಯಿ’ ಎಂದರೆ ತಿಂಗಳಿಗೆ ಎಂದೇ ಅರ್ಥ, ವರ್ಷಕ್ಕೆ ಶೇಕಡಾ 24. ಕೇಳಲು ಎರಡು ಸಣ್ಣದು, ಹನ್ನೆರಡು ದೊಡ್ಡದು. ಮೇಲಿನ 73,000ಕ್ಕೆ ಇದೇ ದರವಾಗಿದ್ದರೆ ದಿನಕ್ಕೆ 48 ರೂಪಾಯಿ ಆಗುತ್ತಿತ್ತು.

ಬೈಕು, ಟಿವಿ, ಫ್ರಿಜ್ ಸಾಲದ ‘ಫ್ಲಾಟ್ ರೇಟ್’ನಲ್ಲೂ ಸೂತ್ರ ಸರಳ ಬಡ್ಡಿಯದೇ. 60,000 ಸಾಲಕ್ಕೆ ಶೇಕಡಾ 10ರಂತೆ ಎರಡು ವರ್ಷಕ್ಕೆ 12,000 ಬಡ್ಡಿ. ಒಟ್ಟು 72,000ವನ್ನು 24 ಕಂತು ಮಾಡಿದರೆ ತಿಂಗಳಿಗೆ 3,000. ಇಲ್ಲಿ ಪ್ರತಿ ತಿಂಗಳೂ ಅಸಲು 2,500ರಂತೆ ತೀರುತ್ತಾ ಹೋದರೂ ಬಡ್ಡಿ ಮಾತ್ರ ಕೊನೆಯ ಕಂತಿನವರೆಗೂ ಪೂರ್ತಿ 60,000ಕ್ಕೇ. ಉಳಿದ ಅಸಲಿಗಷ್ಟೇ ಬಡ್ಡಿ ಹಾಕುವ ಕ್ರಮದಲ್ಲಿ ಇದೇ 3,000 ಕಂತು ಬರಬೇಕಾದರೆ ದರ ಶೇಕಡಾ 18ಕ್ಕೂ ಸ್ವಲ್ಪ ಮೇಲಿರಬೇಕು. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಹೊಸ ಚಿಲ್ಲರೆ ಸಾಲಗಳಿಗೆ ಮುಖ್ಯಾಂಶಗಳ ಪತ್ರವೊಂದನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಶುಲ್ಕಗಳನ್ನೂ ಸೇರಿಸಿ ಸಾಲದ ವಾರ್ಷಿಕ ವೆಚ್ಚ ಶೇಕಡಾ ಎಷ್ಟು ಎಂಬುದು ಅದರಲ್ಲಿ ಇರುತ್ತದೆ. ಅಂಗಡಿಯವರು ಬಾಯಲ್ಲಿ ಹೇಳಿದ ಹತ್ತನ್ನು ಆ ಅಂಕಿಯ ಪಕ್ಕ ಇಟ್ಟು ನೋಡಬಹುದು.