ಮೆಸೇಜಿಗೆ ಮೆಷಿನ್ ಉತ್ತರ: ಯಾರಿಗೆ ಹೋಗಬೇಕು, ಯಾರಿಗೆ ಬೇಡ

ನಮ್ಮದು ಚಳ್ಳಕೆರೆ ಕಡೆ ಆರು ಎಕರೆ ಮಳೆ ಆಶ್ರಯದ ಜಮೀನು. ಸಾಮೆ, ನವಣೆ ಬೆಳೆಯುತ್ತೇವೆ, ಕಡೆಗೆ ಒಂದಿಷ್ಟು ಹುರುಳಿ. ಮೊದಲು ಎಲ್ಲಾ ಮಂಡಿಗೆ ಹಾಕಿ ಬರುತ್ತಿದ್ದೆ. 2021ರಿಂದ ಅಕ್ಕಿ ಮಾಡಿಸಿ ನೇರವಾಗಿ ಗಿರಾಕಿಗಳಿಗೆ ಪಾರ್ಸೆಲ್ ಕಳಿಸುತ್ತಿದ್ದೇನೆ. ಸಾಮೆ ಅಕ್ಕಿಯನ್ನು ಬಹಳ ದಿನ ಇಟ್ಟರೆ ಹುಳ ಬೀಳುತ್ತೆ, ಕಮಟು ವಾಸನೆ ಬರುತ್ತೆ. ಅದಕ್ಕೇ ಹದಿನೈದು ದಿನಕ್ಕೊಮ್ಮೆ ಬೇಕಾದಷ್ಟೇ ಮಿಲ್ಲಿಗೆ ಹಾಕಿಸುತ್ತೇನೆ. ಹೀಗಾಗಿ ಗಿರಾಕಿಗಳ ಪ್ರಶ್ನೆ ನಿಲ್ಲುವುದೇ ಇಲ್ಲ. ದರ ಎಷ್ಟು, ಹೊಸ ಅಕ್ಕಿ ಯಾವಾಗ, ಪಾರ್ಸೆಲ್ ಖರ್ಚು ಯಾರದು. ಬಿತ್ತನೆ ದಿನಗಳಲ್ಲಿ ಸಂಜೆ ಮನೆಗೆ ಬಂದು ನೋಡಿದರೆ ನಲವತ್ತು ಐವತ್ತು ಮೆಸೇಜು ಕೂತಿರುತ್ತಿದ್ದವು. ಕೈ ತೊಳೆದು ಉಂಡು ಉತ್ತರ ಬರೆಯುವ ಹೊತ್ತಿಗೆ ಅರ್ಧ ಜನ ಬೇರೆ ಕಡೆ ಕೊಂಡಾಗಿರುತ್ತಿತ್ತು.

2023ರಲ್ಲಿ ನಮ್ಮ ಅಕ್ಕನ ಮಗ ಬಂದವನು ನನ್ನ ಫೋನಿಗೆ ವಾಟ್ಸಾಪ್ ಬಿಸಿನೆಸ್ ಹಾಕಿ ಕೊಟ್ಟ. ಇದಕ್ಕೆ ದುಡ್ಡಿಲ್ಲ. ಹಳೇ ನಂಬರನ್ನೇ ಇದಕ್ಕೆ ತರಬಹುದು. ಇದರಲ್ಲಿ ವ್ಯಾಪಾರದ ಸಾಧನಗಳಿಗೆ ಅಂತಲೇ ಒಂದು ಜಾಗ ಇದೆ. ಅಲ್ಲಿ ಮೂರು ಸಾಧನ ಸಿಗುತ್ತವೆ. `Greeting message` ಹೊಸಬರು ಬರೆದಾಗ ತಾನೇ ಹೋಗುವ ಉತ್ತರ. `Away message` ನಾವು ಇಲ್ಲದ ಹೊತ್ತಿನಲ್ಲಿ ತಾನೇ ಹೋಗುವ ಉತ್ತರ. `Quick replies` ಅಂದರೆ ಮೊದಲೇ ಬರೆದಿಟ್ಟು ಬೇಕಾದಾಗ ನಾವೇ ಎತ್ತಿಕೊಳ್ಳುವ ಉತ್ತರ. ಅವನು ಎಲ್ಲಾ ಹತ್ತು ನಿಮಿಷದಲ್ಲಿ ಜೋಡಿಸಿ, "ಮಾವ, ಇನ್ನು ನೀನು ಆರಾಮಾಗಿ ಹೊಲ ನೋಡ್ಕೋ" ಅಂದು ಬಸ್ಸು ಹತ್ತಿದ.

ಒಂದೂವರೆ ತಿಂಗಳು ಆರಾಮಾಗಿಯೇ ಇದ್ದೆ. ಆಮೇಲೆ ಬೆಂಗಳೂರಿನ ಜಯನಗರದ ಒಬ್ಬ ಅಕ್ಕ ಬರೆದರು. ಮೊದಲ ವರ್ಷದಿಂದ ಪ್ರತಿ ತಿಂಗಳು ಐದು ಕಿಲೋ ಸಾಮೆ ತರಿಸುವವರು. "ಅಣ್ಣಾ, ಅಮ್ಮ ಹೋಗಿಬಿಟ್ರು. ಅವರಿಗೇ ಸಾಮೆ ಗಂಜಿ ಮಾಡ್ತಿದ್ದೆ. ಈ ತಿಂಗಳು ಕಳಿಸಬೇಡಿ." ಅದಕ್ಕೆ ನನ್ನ ಫೋನಿನಿಂದ ಹೋದ ಉತ್ತರ ನೋಡಿ: "ನಮಸ್ಕಾರ! ನಮ್ಮನ್ನು ಸಂಪರ್ಕಿಸಿದ್ದಕ್ಕೆ ತುಂಬಾ ಸಂತೋಷ. ಇಂದಿನ ದರ ಪಟ್ಟಿ ಕೆಳಗಿದೆ." ಕೆಳಗೆ ಒಂದು ಹೂವಿನ ಚಿತ್ರ ಬೇರೆ. ನಾನು ನೋಡಿದ್ದು ರಾತ್ರಿ ಎಂಟಕ್ಕೆ. ಆಗಲೇ ಫೋನ್ ಮಾಡಿ ತಪ್ಪಾಯ್ತಮ್ಮಾ ಅಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಆದರೆ ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಹಳೇ ಗಿರಾಕಿಗೆ ಹೊಸಬರ ಉತ್ತರ ಹೋಗಿದ್ದು ಯಾಕೆ ಅಂತ ಹುಡುಕಿದೆ. ಕಾರಣ ಇದು: `Greeting message` ಮೊದಲ ಸಲ ಬರೆದವರಿಗೆ ಮಾತ್ರ ಹೋಗುವುದಲ್ಲ. ಇಬ್ಬರ ನಡುವೆ 14 ದಿನ ಏನೂ ಮಾತುಕತೆ ಇಲ್ಲದೆ ಆಮೇಲೆ ಅವರು ಬರೆದರೆ, ಆಗಲೂ ಹೋಗುತ್ತದೆ. ನಮ್ಮಂಥ ದವಸ ಮಾರುವವರ ಗಿರಾಕಿಗಳು ಬರೆಯುವುದೇ ತಿಂಗಳಿಗೊಮ್ಮೆ. ಅಂದರೆ ನನ್ನ ಖಾಯಂ ಗಿರಾಕಿಗಳೆಲ್ಲ ಪ್ರತಿ ತಿಂಗಳೂ ಮೆಷಿನ್ನಿನ ಲೆಕ್ಕದಲ್ಲಿ ಹೊಸಬರು! ದಿನಾ ತರಕಾರಿ, ಹಾಲು ಮಾರುವವರಿಗೆ ಇದು ಗೊತ್ತೇ ಆಗಲಿಕ್ಕಿಲ್ಲ.

ಬೀಗ ಇರುವುದು ನಂಬರ್ ಪುಸ್ತಕದಲ್ಲಿ

ಇದಕ್ಕೆ ದಾರಿ ಅಲ್ಲೇ ಇತ್ತು. ಆ ಸಂದೇಶದ ಕೆಳಗೆ `Recipients` ಅಂತ ಇದೆ, ಯಾರಿಗೆ ಹೋಗಬೇಕು ಅಂತ. ನಮ್ಮ ಹುಡುಗ `Everyone` ಇಟ್ಟಿದ್ದ. ಅದನ್ನು `Everyone not in address book` ಮಾಡಿದೆ. ಫೋನಿನಲ್ಲಿ ಯಾರ ಹೆಸರು ಉಳಿಸಿಕೊಂಡಿಲ್ಲವೋ ಅವರಿಗೆ ಮಾತ್ರ ಈಗ ತಾನೇ ಉತ್ತರ ಹೋಗುತ್ತದೆ. `Away message`ಗೂ ಹಾಗೇ ಮಾಡಿದೆ.

ಆದರೆ ಇದು ಕೆಲಸ ಮಾಡಬೇಕಾದರೆ ಗಿರಾಕಿಗಳ ಹೆಸರು ಫೋನಿನಲ್ಲಿ ಇರಬೇಕಲ್ಲ? ನನ್ನದರಲ್ಲಿ ಅರ್ಧಕ್ಕರ್ಧ ಬರೀ ನಂಬರು. ಮೂರು ಸಂಜೆ ನಾನು, ನಮ್ಮ ಸೊಸೆ ಕೂತು ಪಾರ್ಸೆಲ್ ಚೀಟಿ ನೋಡಿಕೊಂಡು 160 ಹೆಸರು ಹಾಕಿದೆವು. ಬರೀ ಹೆಸರಲ್ಲ, "ಜಯನಗರ ಅಕ್ಕ ಸಾಮೆ 5" ಅಂತ ಊರು, ಮಾಲು, ತೂಕ ಸೇರಿಸಿ ಬರೆದೆವು. ಮೆಸೇಜು ಬಂದ ಕೂಡಲೇ ಇವರು ಯಾರು, ಏನು ಕೊಳ್ಳುತ್ತಾರೆ ಅಂತ ತಲೆಮೇಲೇ ಕಾಣುತ್ತೆ. ಈಗ ಒಬ್ಬರು ಮೊದಲ ಸಲ ದುಡ್ಡು ಹಾಕಿದ ದಿನವೇ ಅವರ ಹೆಸರು ಪುಸ್ತಕಕ್ಕೆ ಸೇರುತ್ತೆ. ಅಲ್ಲಿಂದ ಮುಂದೆ ಅವರಿಗೆ ಮೆಷಿನ್ ಮಾತಾಡುವುದಿಲ್ಲ, ನಾನೇ ಮಾತಾಡುವುದು.

ಹೊಸಬರಿಗೆ ಹೋಗುವ ಮಾತನ್ನೂ ಬದಲಿಸಿದೆ. "ನಿಮ್ಮ ಸಂದೇಶ ನಮಗೆ ಅಮೂಲ್ಯ, ಶೀಘ್ರದಲ್ಲೇ ಸಂಪರ್ಕಿಸುತ್ತೇವೆ" ಅಂತಿತ್ತು. ಶೀಘ್ರ ಅಂದರೆ ಎಷ್ಟು ಹೊತ್ತು? ಈಗ ಹೀಗಿದೆ:

"ನಮಸ್ಕಾರ. ಇದು ಫೋನಿನಲ್ಲಿ ಮೊದಲೇ ಬರೆದಿಟ್ಟ ಉತ್ತರ. ನಾನು ಹಗಲು ಹೊಲದಲ್ಲಿ ಇರ್ತೀನಿ. ರಾತ್ರಿ ಏಳೂವರೆಯಿಂದ ಒಂಬತ್ತರ ಒಳಗೆ ನಾನೇ ನೋಡಿ ಬರೀತೀನಿ. ಯಾವ ಅಕ್ಕಿ, ಎಷ್ಟು ಕಿಲೋ, ಯಾವ ಊರು, ಈ ಮೂರು ಬರೆದಿಡಿ."

ಮೊದಲೇ ಬರೆದಿಟ್ಟದ್ದು ಅಂತ ಹೇಳಿಕೊಂಡರೆ ಮರ್ಯಾದೆ ಕಡಿಮೆ ಆಗುತ್ತೆ ಅಂತ ಹುಡುಗ ಅಂದ. ನನಗೆ ಹಾಗೆ ಕಾಣಲಿಲ್ಲ. ಹೊತ್ತು ಹೇಳಿದ ಮೇಲೆ ಜನ ಕಾಯುತ್ತಾರೆ, ಮೂರು ಪ್ರಶ್ನೆಗೆ ಉತ್ತರ ಬರೆದೂ ಇಟ್ಟಿರುತ್ತಾರೆ. ಆದರೆ ಹೇಳಿದ ಹೊತ್ತಿಗೆ ಕೂರಲೇಬೇಕು. ಎರಡು ದಿನ ತಪ್ಪಿಸಿದರೆ ಆ ಮಾತಿಗೆ ಬೆಲೆ ಇಲ್ಲ. ಜಾತ್ರೆ, ಮದುವೆ ಇದ್ದರೆ ಮುಂಚಿನ ದಿನವೇ ಅದರಲ್ಲಿನ ಮಾತು ತಿದ್ದಿ ಹೋಗುತ್ತೇನೆ.

ಇನ್ನೊಂದು ಸಂಗತಿ ಹಳ್ಳಿಯವರಾದ ನಾವು ನೆನಪಿಡಬೇಕು. `Away message` ಹೋಗಬೇಕಾದರೆ ನಮ್ಮ ಫೋನಿಗೆ ಇಂಟರ್ನೆಟ್ ಸಿಗುತ್ತಿರಬೇಕು. ನಮ್ಮ ಹೊಲದ ಕಡೆ ಸಿಗ್ನಲ್ ಸೊನ್ನೆ. ಫೋನು ಜೇಬಲ್ಲಿಟ್ಟುಕೊಂಡು ಹೋದ ದಿನಗಳಲ್ಲಿ ಯಾರಿಗೂ ಉತ್ತರ ಹೋಗಿರಲಿಲ್ಲ, ನಾನು ಹೋಗಿದೆ ಅಂತ ತಿಳಿದಿದ್ದೆ. ಈಗ ಆ ಫೋನು ಮನೆಯ ಕಿಟಕಿ ಹತ್ತಿರ ಚಾರ್ಜಿಗೆ ಹಾಕಿದ ಹಾಗೇ ಇರುತ್ತದೆ. ಹೊಲಕ್ಕೆ ಬಟನ್ ಫೋನು.

ಅರ್ಧ ಮೆಷಿನ್, ಅರ್ಧ ನಾನು

ನನಗೆ ನಿಜವಾಗಿ ಹೊತ್ತು ಉಳಿಸಿದ್ದು ತಾನೇ ಹೋಗುವ ಉತ್ತರ ಅಲ್ಲ, `Quick replies`. 50ರ ತನಕ ಇಡಬಹುದು, ನನ್ನಲ್ಲಿ ಇರುವುದು ಏಳು. `/dara` ದರಕ್ಕೆ, `/parcel` ಸಾಗಣೆಗೆ, `/neeru` ಅನ್ನಕ್ಕೆ ಎಷ್ಟು ನೀರು ಅನ್ನುವುದಕ್ಕೆ. ಹೀಗೆ ಮಾತುಕತೆಯಲ್ಲಿ `/` ಒತ್ತಿದರೆ ಪಟ್ಟಿ ಬರುತ್ತೆ, ಬೇಕಾದ್ದು ಮುಟ್ಟಿದರೆ ಪೂರಾ ಬರಹ ಬಂದು ಕೂರುತ್ತೆ. ಆದರೆ ತಾನಾಗಿ ಹೋಗುವುದಿಲ್ಲ, ನಾವು ಕಳಿಸಿದರೇ ಹೋಗುವುದು. ಆ ನಡುವಿನ ಜಾಗದಲ್ಲೇ ನಮ್ಮ ಕೆಲಸ ಇರುವುದು. ಕಳಿಸುವ ಮುಂಚೆ ಮೇಲೆ ಅವರ ಹೆಸರು ಹಾಕುತ್ತೇನೆ, ಕೆಳಗೆ ಅವರು ಕೇಳಿದ್ದಕ್ಕೆ ತಕ್ಕ ಒಂದು ಸಾಲು ಬರೆಯುತ್ತೇನೆ.

ಮೈಸೂರಿನ ಒಬ್ಬರು, "ದರ ಎಷ್ಟು? ಹೋದ ಸಲ ಸ್ವಲ್ಪ ಕಲ್ಲು ಇತ್ತು" ಅಂತ ಬರೆದರು ಅನ್ನಿ. ಬರೀ `/dara` ಕಳಿಸಿದರೆ ಅರ್ಧ ಪ್ರಶ್ನೆಗೆ ಕಿವುಡನಾದ ಹಾಗೆ. ದರದ ಕೆಳಗೆ, "ಕಲ್ಲಿನ ವಿಷಯ ನಿಜ, ಆ ಸಲ ಮಳೆ ಬಂತು ಅಂತ ಕಣದಿಂದ ಅವಸರದಲ್ಲಿ ಎತ್ತಿದ್ದೆವು. ಈ ಸಲ ಎರಡು ಸಲ ಕೇರಿಸಿದ್ದೀವಿ" ಅಂತ ಸೇರಿಸುತ್ತೇನೆ. ಬರೆಯೋಕೆ ಬೇಜಾರಾದರೆ ಹದಿನೈದು ಸೆಕೆಂಡಿನ ಧ್ವನಿ ಸಂದೇಶ ಹಾಕುತ್ತೇನೆ. ಏಳನೇ ಕ್ಲಾಸು ಓದಿದವನಿಗೆ ಬರವಣಿಗೆಗಿಂತ ಮಾತೇ ಸಲೀಸು.

ಇದರಲ್ಲೂ ಒಂದು ಪೆಟ್ಟು ತಿಂದಿದ್ದೇನೆ. ಸಾಮೆ ದರ ಕಿಲೋಗೆ ಹತ್ತು ರೂಪಾಯಿ ಏರಿಸಿದೆ, `/dara` ತಿದ್ದುವುದು ಮರೆತೆ. ಹನ್ನೆರಡು ಜನ ಐದೈದು ಕಿಲೋ ಹಳೇ ದರಕ್ಕೆ ದುಡ್ಡು ಹಾಕಿದರು. ನಾನೇ ಹೇಳಿದ ದರ, ಬದಲಿಸೋದು ಹೇಗೆ? ಅರವತ್ತು ಕಿಲೋಗೆ 600 ರೂಪಾಯಿ ಹೋಯಿತು. ಈಗ ದರದ ಉತ್ತರದ ಮೊದಲ ಸಾಲಿನಲ್ಲಿ ತಾರೀಕು ಇರುತ್ತದೆ. ಹಳೇ ತಾರೀಕು ಕಂಡರೆ ಕಳಿಸುವ ಮುಂಚೆ ಕಣ್ಣಿಗೆ ಚುಚ್ಚುತ್ತೆ.

ಎಲ್ಲರೂ ನೋಡುವ ಕಮೆಂಟು

ನಮ್ಮ ಫೇಸ್‌ಬುಕ್ ಪೇಜಿಗೆ ಸೊಸೆ ಒಮ್ಮೆ ಸಾಮೆ ಕೇರುವ ವಿಡಿಯೋ ಹಾಕಿದಳು. ಕೆಳಗೆ "ರೇಟ್?" "ಬೆಲೆ ಎಷ್ಟು" ಅಂತ ಸಾಲು. ಪೇಜಿನ `Meta Business Suite` ಒಳಗೆ `Inbox`ನಲ್ಲಿ `Automations` ಇದೆ. ನಾವು ಹೇಳಿದ ಪದ ಕಮೆಂಟಿನಲ್ಲಿ ಬಂದರೆ ಅವರಿಗೆ ಖಾಸಗಿಯಾಗಿ ಮೆಸೇಜು ಕಳಿಸುವ ಏರ್ಪಾಡು ಅಲ್ಲಿ ಮಾಡಬಹುದು. ನಾವು "ದರ" ಅಂತ ಇಟ್ಟೆವು. ಎರಡನೇ ದಿನ ಒಬ್ಬರು, "ದರ ಏನೋ ಜೋರಾಗಿದೆ, ಹೋದ ಸಲ ಹುಳ ಇತ್ತು" ಅಂತ ಬರೆದರು. ಅವರಿಗೂ ದರ ಪಟ್ಟಿ ಹೋಯಿತು! ಅವರು ಅದನ್ನೇ ಫೋಟೋ ತೆಗೆದು ಅದೇ ಕಮೆಂಟಿನ ಕೆಳಗೆ ಹಾಕಿದರು. ಊರೆಲ್ಲ ನೋಡಿತು.

ಆಮೇಲೆ ಪದ ಬದಲಿಸಿದೆವು. ವಿಡಿಯೋ ಕೆಳಗೇ, "ದರ ಬೇಕಾದವರು 555 ಅಂತ ಬರೆಯಿರಿ" ಅಂತ ಹಾಕುತ್ತೇವೆ. ದೂರು ಹೇಳುವವರು ಯಾರೂ 555 ಬರೆಯುವುದಿಲ್ಲ. ಕನ್ನಡದಲ್ಲಿ ಬರೆಯುವವರಾಗಲಿ ಇಂಗ್ಲಿಷಿನಲ್ಲಿ ಬರೆಯುವವರಾಗಲಿ ಅಂಕಿ ಒಂದೇ, ಅದೂ ಒಂದು ಅನುಕೂಲ. ಉಳಿದ ಕಮೆಂಟಿಗೆಲ್ಲ ಕೈಯಿಂದಲೇ ಉತ್ತರ. ಹುಳದ ದೂರು ಕೊಟ್ಟವರಿಗೆ ಅಲ್ಲೇ ಎಲ್ಲರ ಎದುರು ಹೌದು ಅಂತ ಒಪ್ಪಿ, ಬೇರೆ ಎರಡು ಕಿಲೋ ಕಳಿಸಿದೆ.

ಇದೆಲ್ಲ ಸರಿಯಾಗಿ ನಡೆದಿದೆಯೋ ಇಲ್ಲವೋ ತಿಳಿಯಲು ನಾನು ನೋಡುವುದು ಎರಡು ಗುರುತು. ಮೆಷಿನ್ ಉತ್ತರ ಹೋದ ಮೇಲೆ ಅದೇ ಪ್ರಶ್ನೆ ಮತ್ತೆ ಬಂದಿದ್ದರೆ, ಬರಹ ಅರ್ಥ ಆಗಿಲ್ಲ. "ಯಾರಾದ್ರೂ ಇದ್ದೀರಾ?" ಅಂತ ಬಂದಿದ್ದರೆ, ಕಾಯಿಸಿದ್ದು ಜಾಸ್ತಿ ಆಯಿತು. ಪರೀಕ್ಷೆ ಮಾಡಲು ಬೇರೆಯವರ ಫೋನಿನಿಂದ ಮೆಸೇಜು ಹಾಕಿ ನೋಡಬಹುದು. ಆದರೆ ಅದೇ ಫೋನಿನಿಂದ ಮರುದಿನ ಹಾಕಿದರೆ `Greeting message` ಬರುವುದಿಲ್ಲ, 14 ದಿನದ ಲೆಕ್ಕ ಇದೆಯಲ್ಲ. ನಾನು ಕೆಟ್ಟುಹೋಗಿದೆ ಅಂತ ಅರ್ಧ ದಿನ ತಲೆ ಕೆಡಿಸಿಕೊಂಡಿದ್ದೆ.

ಸಾವಿರಾರು ಜನಕ್ಕೆ ಒಟ್ಟಿಗೆ ಕಳಿಸುವ ಸಾಫ್ಟ್‌ವೇರ್ ಕೊಡ್ತೀವಿ ಅಂತ ಕೆಲವರು ಬರುತ್ತಾರೆ. ವಾಟ್ಸಾಪ್‌ನವರ ಒಪ್ಪಿಗೆ ಇಲ್ಲದ ಅಂಥವನ್ನು ಹಾಕಿಕೊಂಡರೆ ನಂಬರೇ ಬಂದ್ ಆಗಬಹುದು. ಗಿರಾಕಿಗಳೆಲ್ಲ ಆ ಒಂದು ನಂಬರಿನಲ್ಲೇ ಇರುವಾಗ ನಾನು ಆ ಕಡೆ ಹೋಗಿಲ್ಲ.

ಜಯನಗರದ ಅಕ್ಕ ನಾಲ್ಕು ತಿಂಗಳ ಮೇಲೆ ಮತ್ತೆ ಬರೆದರು, ಈಗ ಮನೆಯಲ್ಲಿ ಇಬ್ಬರೇ, ಎರಡು ಕಿಲೋ ಸಾಕು ಅಂತ. ಪಾರ್ಸೆಲ್ ಕಟ್ಟಿದ ಮೇಲೆ ಫೋನಿನಲ್ಲಿ ಅವರ ಹೆಸರಿನ ಮುಂದಿದ್ದ 5 ಅಳಿಸಿ 2 ಮಾಡಿದೆ.